ಬರೀ ಆರು ಕೆಜಿ ವ್ಯತ್ಯಾಸ

ಪ್ಯಾಕಿಂಗ್ ಲಿಸ್ಟ್ ಬಂದದ್ದು ಫೋಟೋ ರೂಪದಲ್ಲಿ. ಮೇಜಿನ ಮೇಲೆ ಹಾಳೆ ಇಟ್ಟು, ನಿಂತಲ್ಲೇ ಮೊಬೈಲ್ ಹಿಡಿದು ಕ್ಲಿಕ್ಕಿಸಿದ್ದರು. ಹಾಳೆಯನ್ನು ಅದಕ್ಕೂ ಮೊದಲು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದರೆಂದು ಕಾಣುತ್ತದೆ, ಮಡಿಕೆಯ ಗೆರೆ ಸರಿಯಾಗಿ ಮೂರನೇ ಸಾಲಿನ ಮೇಲೇ ಹಾದುಹೋಗಿತ್ತು. ಎಲ್ಲಕ್ಕಿಂತ ಬೇಕಾಗಿದ್ದ ಸಾಲು ಕೆಳಗಿನ ಒಟ್ಟು ಲೆಕ್ಕದ್ದು. ಅದರ ಮೇಲೆ ಫೋಟೋ ತೆಗೆದವರ ಕೈಯ ನೆರಳು ಬಿದ್ದಿತ್ತು. ಇನ್‌ವಾಯ್ಸ್ ಮಾತ್ರ ಚೊಕ್ಕವಾದ ಪಿಡಿಎಫ್.

ನಾನು ಕೂರುವುದು ಡಾಕ್ಯುಮೆಂಟೇಶನ್ ಡೆಸ್ಕ್‌ನಲ್ಲಿ. ಸರಕು ಹೊರಡುವ ಮುನ್ನ ಎರಡೂ ಕಾಗದ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಎಷ್ಟು ಪೆಟ್ಟಿಗೆ, ಎಷ್ಟು ತೂಕ, ಎಷ್ಟು ಮೌಲ್ಯ, ಇಷ್ಟೇ ಮೂರು ಪ್ರಶ್ನೆ. ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಪತ್ರ, ಬಿಲ್ ಆಫ್ ಲೇಡಿಂಗ್, ಇನ್ನೂ ಡ್ರಾಫ್ಟ್ ಹಂತದಲ್ಲಿತ್ತು, ಸಂಜೆಯೊಳಗೆ ಅದಕ್ಕೆ ಒಪ್ಪಿಗೆ ಕೊಡಬೇಕಿತ್ತು. ಡ್ರಾಫ್ಟ್‌ನಲ್ಲಿ ತಪ್ಪು ಸಿಕ್ಕರೆ ಒಂದು ಮೇಲ್‌ನಲ್ಲಿ ಮುಗಿಯುತ್ತದೆ. ಒರಿಜಿನಲ್ ಕೈಗೆ ಬಂದ ಮೇಲೆ ಸಿಕ್ಕರೆ ಅದನ್ನು ವಾಪಸ್ ಕೊಟ್ಟು, ತಿದ್ದುಪಡಿ ಶುಲ್ಕ ಕಟ್ಟಿ, ಮತ್ತೆ ಕಾಯಬೇಕು.

ಸರಕು ದೊಡ್ಡದೇನಲ್ಲ, ನಾಲ್ಕು ಸಾಲು. ಹಿತ್ತಾಳೆಯ ಫಿಟ್ಟಿಂಗ್ 2,400. ರಬ್ಬರ್ ಸೀಲ್ ಸೆಟ್ 600. ಸಣ್ಣ ಮೋಟಾರು 72. ಕೊನೆಗೆ ಹೊಸ ಮಾದರಿಯ ಸೀಲ್‌ಗಳ ಸ್ಯಾಂಪಲ್ 12, ಬಿಟ್ಟಿ. ಇಷ್ಟು ಚಿಕ್ಕ ಪಟ್ಟಿಗೆ ಅರ್ಧ ಗಂಟೆ ಸಾಕು ಅಂದುಕೊಂಡೆ. ಮಧ್ಯಾಹ್ನ ಪೂರ್ತಿ ಹೋಯಿತು.

ಫೋಟೋ ಬಂದಾಗ ನನ್ನದೊಂದು ಪದ್ಧತಿ ಇದೆ. ಇನ್‌ವಾಯ್ಸ್ ಮುಚ್ಚಿಟ್ಟು, ಫೋಟೋದಲ್ಲಿ ಕಂಡದ್ದನ್ನು ಕಂಡ ಹಾಗೆ ಶೀಟ್‌ಗೆ ಟೈಪ್ ಮಾಡುತ್ತೇನೆ. ಪಕ್ಕದಲ್ಲಿ ಇನ್‌ವಾಯ್ಸ್ ತೆರೆದಿಟ್ಟುಕೊಂಡರೆ ಕಣ್ಣು ಮೋಸ ಮಾಡುತ್ತದೆ. ಅಲ್ಲಿ 8 ಇದೆ ಎಂದು ಗೊತ್ತಾದರೆ, ಇಲ್ಲಿ ಮಸುಕಾದ 6 ಕೂಡ 8 ಆಗಿಯೇ ಕಾಣುತ್ತದೆ. ಆಮೇಲೆ ನಡೆಯುವುದು ತಾಳೆ ನೋಡುವುದಲ್ಲ, ನಕಲು ಮಾಡುವುದು. ಓದಲು ಅನುಮಾನ ಬಂದ ಅಂಕಿಗೆ ಹಳದಿ ಬಣ್ಣ ಬಳಿದು ಮುಂದೆ ಹೋಗುತ್ತೇನೆ, ಊಹೆ ಮಾಡಿ ನಿಲ್ಲುವುದಿಲ್ಲ. ಅವತ್ತು ಒಟ್ಟಿನ ಸಾಲಿಗೆ ಪೂರ್ತಿ ಹಳದಿ ಬಿತ್ತು. ಮೋಟಾರಿನ ಸಾಲಿಗೆ ಬೀಳಲಿಲ್ಲ, ಬೀಳಬೇಕಿತ್ತು.

ಮೊದಲು ಪೆಟ್ಟಿಗೆಯ ಲೆಕ್ಕ. ಇನ್‌ವಾಯ್ಸ್‌ನಲ್ಲಿ 42 ಕಾರ್ಟನ್. ಬಿಲ್ ಆಫ್ ಲೇಡಿಂಗ್ ಡ್ರಾಫ್ಟ್‌ನಲ್ಲಿ 3 ಪ್ಯಾಲೆಟ್, ಅದರಲ್ಲಿ 42 ಕಾರ್ಟನ್ ಇದೆಯೆಂದು ಹೇಳಲಾಗಿದೆ ಎಂಬ ಒಕ್ಕಣೆ. 3 ಮತ್ತು 42 ನೋಡಿ ಹೊಸಬರು ಗಾಬರಿಯಾಗುತ್ತಾರೆ. ಅದು ಜಗಳವಲ್ಲ. ಹಡಗಿನವರಿಗೆ ಎತ್ತಿ ಇಡುವ ತುಂಡು ಎಷ್ಟು ಎಂಬುದು ಮುಖ್ಯ, ಅವರು ಪ್ಯಾಲೆಟ್ ಎಣಿಸುತ್ತಾರೆ. ಮಾಲು ಬಿಚ್ಚುವವರು ಕಾರ್ಟನ್ ಎಣಿಸುತ್ತಾರೆ. ಎರಡೂ ಸಂಖ್ಯೆ ಒಂದೇ ಕಡೆ ಒಟ್ಟಿಗೆ ಬರೆದಿದ್ದರೆ ಸಾಕು.

ಫೋಟೋದಲ್ಲಿ ಕಾರ್ಟನ್ ಸಂಖ್ಯೆಯ ಕಾಲಮ್ ಕೂಡಿಸಿದೆ. ಫಿಟ್ಟಿಂಗ್ 24, ಸೀಲ್ 5, ಮೋಟಾರು 12, ಸ್ಯಾಂಪಲ್ 1. ಒಟ್ಟು 42. ಇನ್‌ವಾಯ್ಸ್ ಜೊತೆ ಸರಿಹೋಯಿತು. ಇಲ್ಲಿಗೇ ಟಿಕ್ ಹಾಕಿ ಮುಂದೆ ಹೋಗುವವರೇ ಹೆಚ್ಚು.

ಎಡತುದಿಯಲ್ಲಿ ಇನ್ನೊಂದು ಕಾಲಮ್ ಇರುತ್ತದೆ, ಕಾರ್ಟನ್ ನಂಬರಿನದು. ಎಷ್ಟು ಎಂದು ಅದು ಹೇಳುವುದಿಲ್ಲ, ಯಾವುದು ಎಂದು ಹೇಳುತ್ತದೆ. ಫಿಟ್ಟಿಂಗ್ 1ರಿಂದ 24. ಸೀಲ್ 25ರಿಂದ 29. ಮೋಟಾರು 30ರಿಂದ 41. ಸ್ಯಾಂಪಲ್ ಎದುರು ಬರೀ 29. ಅಂದರೆ 12 ಸ್ಯಾಂಪಲ್‌ಗಳನ್ನು ಸೀಲ್ ಇದ್ದ 29ನೇ ಪೆಟ್ಟಿಗೆಯಲ್ಲೇ ತುರುಕಿದ್ದಾರೆ. ಸಾಲಿಗೊಂದು ಸಂಖ್ಯೆ ಬೇಕಲ್ಲ ಎಂದು ಅದರ ಎದುರು 1 ಹಾಕಿದ್ದಾರೆ. ಒಂದೇ ಪೆಟ್ಟಿಗೆ ಎರಡು ಸಲ ಎಣಿಕೆಗೆ ಬಂದಿದೆ. ನಂಬರು 1ರಿಂದ ಶುರುವಾಗಿ ನಡುವೆ ಎಲ್ಲೂ ಬಿಡದೆ 41ಕ್ಕೆ ನಿಂತಿದೆ, ಹಾಗಾಗಿ ಪೆಟ್ಟಿಗೆ 41. ಇನ್‌ವಾಯ್ಸ್ ಮಾಡಿದವರು ಎಕ್ಸೆಲ್‌ನಲ್ಲಿ ಕಾಲಮ್ ಕೂಡಿಸಿದ್ದಾರೆ, ನನ್ನ ಹಾಗೆಯೇ. ಇಬ್ಬರೂ ಒಂದೇ ತಪ್ಪು ಮಾಡಿದ್ದಕ್ಕೆ ಲೆಕ್ಕ ತಾಳೆಯಾಗಿತ್ತು.

ಒಂದು ಪೆಟ್ಟಿಗೆ ತಾನೇ ಎನ್ನಬಹುದು. ಆ ತುದಿಯಲ್ಲಿ 42 ಎಂದು ಘೋಷಿಸಿದ್ದಕ್ಕೆ 41 ಇಳಿದರೆ, ಒಂದು ಕಾಣೆಯಾಗಿದೆ ಎಂದೇ ದಾಖಲಾಗುತ್ತದೆ. ಹುಟ್ಟಿಯೇ ಇಲ್ಲದ ಪೆಟ್ಟಿಗೆಯನ್ನು ಎಲ್ಲರೂ ಹುಡುಕುತ್ತಾರೆ. ಒಮ್ಮೆ ಅಂಥದ್ದೊಂದರ ಬಗ್ಗೆ ಪತ್ರ ಬರೆದು ಬರೆದು ನನಗೆ ಸಾಕಾಗಿತ್ತು, ಅದಕ್ಕೇ ಈಗ ನಂಬರಿನ ಕಾಲಮ್ ಬಿಡುವುದಿಲ್ಲ.

ಆಮೇಲೆ ತೂಕ. ನೆಟ್ ವೇಟ್ ಅಂದರೆ ಬರೀ ಮಾಲು, ಗ್ರಾಸ್ ವೇಟ್ ಅಂದರೆ ಪೆಟ್ಟಿಗೆ ಸಮೇತ. ಫೋಟೋದಲ್ಲಿ ಒಂದು ಕಾರ್ಟನ್ನಿನ ತೂಕ ಒಂದು ಕಾಲಮ್‌ನಲ್ಲಿ, ಆ ಸಾಲಿನ ಒಟ್ಟು ತೂಕ ಪಕ್ಕದ ಕಾಲಮ್‌ನಲ್ಲಿ ಇತ್ತು. ನಾನು ಒಂದರ ತೂಕವನ್ನಷ್ಟೇ ಟೈಪ್ ಮಾಡಿದೆ. ಗುಣಿಸುವ ಕೆಲಸ ಶೀಟ್ ಮಾಡುತ್ತದೆ, ಎರಡೆರಡು ಸಲ ಯಾಕೆ ಟೈಪ್ ಮಾಡಲಿ ಎನ್ನುವ ಸೋಮಾರಿತನ. ಫಿಟ್ಟಿಂಗ್ ಕಾರ್ಟನ್ ನೆಟ್ 18.0, ಗ್ರಾಸ್ 18.6. ಸೀಲ್ ನೆಟ್ 9.0, ಗ್ರಾಸ್ 9.5. ಮೋಟಾರು ನೆಟ್ 20.4, ಗ್ರಾಸ್ 27.5. ಸ್ಯಾಂಪಲ್ ಎಲ್ಲ ಸೇರಿ 0.6, ಅದಕ್ಕೆ ಬೇರೆ ಪೆಟ್ಟಿಗೆ ಇಲ್ಲದ್ದರಿಂದ ಎರಡೂ ಕಾಲಮ್‌ನಲ್ಲಿ ಅದೇ.

ನೆಟ್ ಒಟ್ಟು 722.4 ಬಂತು. ಇನ್‌ವಾಯ್ಸ್ ತೆರೆದು ನೋಡಿದೆ, ಅಲ್ಲೂ 722.4. ಗ್ರಾಸ್ ನನಗೆ 824.5 ಬಂತು. ಇನ್‌ವಾಯ್ಸ್‌ನಲ್ಲಿ 818.5. ವ್ಯತ್ಯಾಸ ಆರು ಕೆಜಿ.

ಎಂಟುನೂರು ಚಿಲ್ಲರೆಗೆ ಆರು ಕೆಜಿ ಅಂದರೆ ಶೇಕಡಾ ಒಂದಕ್ಕೂ ಕಡಿಮೆ. ನೆಟ್ ಬೇರೆ ಬಿಂದು ಸಮೇತ ತಾಳೆಯಾಗಿದೆ. ಎಲ್ಲೋ ರೌಂಡ್ ಮಾಡಿರಬೇಕು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಅಷ್ಟರಲ್ಲಿ ನಮ್ಮ ಸೀನಿಯರ್ ಹಿಂದೆ ಬಂದು ನಿಂತರು.

“ಏನಮ್ಮಾ, ಮುಗೀತಾ?”

“ಬರೀ ಆರು ಕೆಜಿ ವ್ಯತ್ಯಾಸ ಸರ್. ರೌಂಡಿಂಗ್ ಇರಬೇಕು.”

“ತೂಕ ಒಂದು ದಶಮಾಂಶಕ್ಕೆ ಕೊಟ್ಟಿದ್ದಾರಲ್ಲ. ಒಂದು ಪೆಟ್ಟಿಗೆಗೆ ರೌಂಡಿಂಗ್ ಎಷ್ಟು ತಿನ್ನುತ್ತೆ?”

ಲೆಕ್ಕ ಹಾಕಿದೆ. ಒಂದು ದಶಮಾಂಶಕ್ಕೆ ಹೊಂದಿಸಿದರೆ ಒಂದು ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 0.05 ಕೆಜಿ ಆಚೀಚೆ. 41 ಪೆಟ್ಟಿಗೆಯೂ ಒಂದೇ ಕಡೆಗೆ ವಾಲಿದರೂ ಎರಡು ಕೆಜಿಯ ಆಸುಪಾಸು. ಆರು ಕೆಜಿಗೆ ರೌಂಡಿಂಗ್ ಸಾಲುವುದಿಲ್ಲ.

“ಹೋಗಲಿ, ಆ ಗ್ರಾಸ್‌ನಲ್ಲಿ ಪ್ಯಾಲೆಟ್ ಸೇರಿದೆಯಾ, ಇಲ್ವಾ?”

ಅದನ್ನು ನೋಡಿರಲಿಲ್ಲ. ಪ್ಯಾಕಿಂಗ್ ಲಿಸ್ಟ್‌ನ ತೂಕ ಕಾರ್ಟನ್ ಲೆಕ್ಕದ್ದು, ಅದರಲ್ಲಿ ಪ್ಯಾಲೆಟ್ ಇರಲು ಸಾಧ್ಯವೇ ಇಲ್ಲ. ಮರದ ಪ್ಯಾಲೆಟ್ ಒಂದೊಂದು 20–25 ಕೆಜಿ ತೂಗುವುದು ಸಾಮಾನ್ಯ. ಇನ್‌ವಾಯ್ಸ್‌ನ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಗ್ರಾಸ್ ವೇಟ್ 3 ಪ್ಯಾಲೆಟ್ ಸೇರಿ, ಪ್ಯಾಲೆಟ್ ಒಂದಕ್ಕೆ 22 ಕೆಜಿ. ಸರಿ, ನನ್ನ ಲೆಕ್ಕಕ್ಕೆ 66 ಕೂಡಿಸಿದರೆ ಮುಗಿಯಿತು ಎಂದು ಕೂಡಿಸಿದೆ. 890.5 ಆಯಿತು. ಆರು ಕೆಜಿ ಇದ್ದ ವ್ಯತ್ಯಾಸ ಈಗ 72 ಕೆಜಿ!

ಸರ್ ನಕ್ಕರು. “ಈಗ ದಾರಿಗೆ ಬಂತು. 72 ಯಾವುದರಿಂದ ಭಾಗ ಹೋಗುತ್ತೆ ನೋಡು.”

ಈ ಉಪಾಯ ನಾನು ಅವರಿಂದಲೇ ಕಲಿತದ್ದು, ಆ ಹೊತ್ತಿಗೆ ಮರೆತಿದ್ದೆ ಅಷ್ಟೇ. ತೂಕದ ವ್ಯತ್ಯಾಸವನ್ನು ಪ್ರತಿ ಸಾಲಿನ ಕಾರ್ಟನ್ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಒಂದು ಸಾಲಿನ ಅಂಕಿಯನ್ನು ತಪ್ಪು ಓದಿದ್ದರೆ, ಆ ತಪ್ಪು ಅಷ್ಟು ಪೆಟ್ಟಿಗೆಯಷ್ಟು ಪಟ್ಟು ಬೆಳೆದಿರುತ್ತದೆ. 72ನ್ನು 24ರಿಂದ ಭಾಗಿಸಿದರೆ 3. ಫಿಟ್ಟಿಂಗ್ 18.6ರ ಬದಲು 15.6 ಇರಬೇಕಾಗುತ್ತದೆ, ಆದರೆ ಅದರ ನೆಟ್ಟೇ 18.0. ಗ್ರಾಸ್ ನೆಟ್‌ಗಿಂತ ಕಮ್ಮಿ ಇರಲಾರದು, ಅದು ಬಿತ್ತು. 5ರಿಂದ ಭಾಗಿಸಿದರೆ 14.4, ಒಂಬತ್ತೂವರೆ ಕೆಜಿಯ ಪೆಟ್ಟಿಗೆಯಲ್ಲಿ ಅಷ್ಟು ಕಳೆಯಲು ಜಾಗವೇ ಇಲ್ಲ. 12ರಿಂದ ಭಾಗಿಸಿದರೆ ಸರಿಯಾಗಿ 6. ಮೋಟಾರಿನ 27.5ರಲ್ಲಿ 6 ಕಳೆದರೆ 21.5. ಏಳು ಹೋಗಿ ಒಂದು.

ಫೋಟೋವನ್ನು ಹಿಗ್ಗಿಸಿದೆ. ಮಡಿಕೆಯ ಗೆರೆ ಆ 1ರ ತಲೆಯ ಮೇಲೆ ಹಾದು, ಒಂದಕ್ಕೆ ಟೋಪಿ ಇಟ್ಟು ಏಳು ಮಾಡಿತ್ತು. ಗೆರೆ ಅಂಕಿಯಲ್ಲೇ ನಿಲ್ಲದೆ ಪಕ್ಕದ ಬಿಳಿ ಜಾಗಕ್ಕೂ ಸಾಗಿದ್ದು ಹಿಗ್ಗಿಸಿದಾಗಲಷ್ಟೇ ಕಂಡಿತು. ಮುದ್ರಿಸಿದ ಅಂಕಿಯ ಗೆರೆ ಹಾಗೆ ಹೊರಗೆ ಚಾಚುವುದಿಲ್ಲ. ನಾನು ಟೈಪ್ ಮಾಡದೇ ಬಿಟ್ಟಿದ್ದ ಪಕ್ಕದ ಕಾಲಮ್‌ನಲ್ಲಿ ಸಾಲಿನ ಒಟ್ಟು ತೂಕ ಸ್ಪಷ್ಟವಾಗಿ 258.0 ಎಂದಿತ್ತು. 12 ಸಲ 21.5 ಅಂದರೆ 258. 27.5 ಆಗಿದ್ದರೆ 330 ಆಗಬೇಕಿತ್ತು. ಆ ಒಂದು ಅಂಕಿ ಟೈಪ್ ಮಾಡಿದ್ದರೆ ಇಷ್ಟು ಸುತ್ತು ಬೇಕಿರಲಿಲ್ಲ.

ಇನ್ನೂ ಒಂದು ಸುಳಿವು ಕಣ್ಣೆದುರೇ ಇತ್ತು. ಗ್ರಾಸ್‌ನಲ್ಲಿ ನೆಟ್ ಕಳೆದರೆ ಉಳಿಯುವುದು ಖಾಲಿ ಪೆಟ್ಟಿಗೆ ಮತ್ತು ಒಳಗಿನ ತುಂಬುಸಾಮಾನಿನ ತೂಕ. ಫಿಟ್ಟಿಂಗ್‌ನಲ್ಲಿ ಅದು 0.6, ಸೀಲ್‌ನಲ್ಲಿ 0.5. ಮೋಟಾರಿನಲ್ಲಿ ನನ್ನ ಓದಿನ ಪ್ರಕಾರ 7.1 ಕೆಜಿ! ಏಳು ಕೆಜಿಯ ರಟ್ಟಿನ ಪೆಟ್ಟಿಗೆಯನ್ನು ನಾನಂತೂ ಕಂಡಿಲ್ಲ. 21.5 ಎಂದಿಟ್ಟರೆ 1.1, ಮೋಟಾರಿಗೆ ಸುತ್ತಿದ ಫೋಮ್ ಲೆಕ್ಕಕ್ಕೆ ಹಿಡಿದರೆ ಒಪ್ಪುವ ಮಾತು.

ತಿದ್ದಿದ ಮೇಲೆ ಕಾರ್ಟನ್ ಗ್ರಾಸ್ 752.5, ಪ್ಯಾಲೆಟ್ 66, ಒಟ್ಟು 818.5. ಇನ್‌ವಾಯ್ಸ್ ಸರಿಯಾಗಿಯೇ ಇತ್ತು, ತಪ್ಪೆರಡೂ ನನ್ನವು. ಒಂದು 72 ಕೆಜಿ ಮೇಲಕ್ಕೆ ಎಳೆದಿತ್ತು, ಇನ್ನೊಂದು 66 ಕೆಜಿ ಕೆಳಕ್ಕೆ. ಎರಡೂ ಒಂದನ್ನೊಂದು ತಿಂದು ಹಾಕಿ ಉಳಿದದ್ದು ಆ ಸಾಧು ಮುಖದ ಆರು ಕೆಜಿ. ಅದನ್ನು ರೌಂಡಿಂಗ್ ಎಂದು ಬಿಟ್ಟಿದ್ದರೆ ಕಾರ್ಟನ್ ಗ್ರಾಸ್ 824.5 ಎಂದು ನನ್ನ ಶೀಟಿನಲ್ಲಿ ಉಳಿಯುತ್ತಿತ್ತು. ಮುಂದೆ ಯಾರಾದರೂ ಅದರ ಮೇಲೆ ಪ್ಯಾಲೆಟ್ ತೂಕ ಕೂಡಿಸುತ್ತಿದ್ದರು. ಹಡಗಿಗೆ ಏರುವ ಕಂಟೇನರಿನ ದೃಢೀಕೃತ ತೂಕ ಕೊಡುವುದು 2016ರ ಜುಲೈ 1ರಿಂದ ಕಡ್ಡಾಯ. ಅದರಲ್ಲಿ ಮಾಲಿನ ಜೊತೆ ಪ್ಯಾಲೆಟ್, ತುಂಬುಸಾಮಾನು, ಕಂಟೇನರಿನ ಸ್ವಂತ ತೂಕ ಎಲ್ಲ ಸೇರಬೇಕು. ನಮ್ಮ ಮೂರು ಪ್ಯಾಲೆಟ್‌ನ ಅಂಕಿಯೂ ಆ ಲೆಕ್ಕಕ್ಕೇ ಹೋಗುವುದು.

ಅವತ್ತಿನಿಂದ ಸಾಲಿನ ಒಟ್ಟು ತೂಕವನ್ನೂ ಟೈಪ್ ಮಾಡುತ್ತೇನೆ. ಸಿ ಕಾಲಮ್‌ನಲ್ಲಿ ಕಾರ್ಟನ್ ಸಂಖ್ಯೆ, ಡಿಯಲ್ಲಿ ಒಂದರ ಗ್ರಾಸ್, ಇಯಲ್ಲಿ ಫೋಟೋದಲ್ಲಿ ಕಂಡ ಸಾಲಿನ ಒಟ್ಟು. ಪಕ್ಕದಲ್ಲಿ ಇದು:

```
=ABS(E4-C4*D4)>0.05
```

ನಿಜ ಎಂದು ಬಂದರೆ ಆ ಸಾಲಿನ ಮೂರು ಅಂಕಿಗಳಲ್ಲಿ ಒಂದು ತಪ್ಪು. ಓದಿದ್ದು ತಪ್ಪೋ, ಬರೆದದ್ದೇ ತಪ್ಪೋ ಎಂದು ಅದು ಹೇಳುವುದಿಲ್ಲ, ಫೋಟೋಗೆ ವಾಪಸ್ ಹೋಗಿ ನೋಡಬೇಕು. ಪಟ್ಟಿ ಮಾಡಿದವರು ಒಂದು ಪೆಟ್ಟಿಗೆಯ ತೂಕವನ್ನು ಸರಾಸರಿ ತೆಗೆದು ಬರೆದಿದ್ದರೆ ಸುಮ್ಮನೆ ಕೂಗುವುದೂ ಉಂಟು, ಆಗ ಮಿತಿಯನ್ನು ಕಾರ್ಟನ್ ಸಂಖ್ಯೆಗೆ ತಕ್ಕಂತೆ ಸಡಿಲಿಸುತ್ತೇನೆ.

ಕೊನೆಗೆ ಮೌಲ್ಯ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಸಾಮಾನ್ಯವಾಗಿ ಬೆಲೆ ಇರುವುದಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರೆಲ್ಲ ಬೆಲೆ ಯಾಕೆ ನೋಡಬೇಕು? ಈ ಸಪ್ಲೈಯರ್ ಮಾತ್ರ ಅಡಿಯಲ್ಲಿ ಘೋಷಿತ ಮೌಲ್ಯ ಎಂದು ಒಂದು ಸಾಲು ಹಾಕಿದ್ದರು, 12,486 ಡಾಲರ್. ಒಮ್ಮೆ ಬರೆದ ಮೇಲೆ ಅದನ್ನೂ ತಾಳೆ ನೋಡಲೇಬೇಕು, ಯಾಕೆಂದರೆ ಕಸ್ಟಮ್ಸ್‌ನವರು ನೋಡುತ್ತಾರೆ.

ಇನ್‌ವಾಯ್ಸ್ ಒಟ್ಟು 13,224 ಡಾಲರ್. ವ್ಯತ್ಯಾಸ 738. ಇನ್‌ವಾಯ್ಸ್ ಸಿಐಎಫ್ ಷರತ್ತಿನದು, ಅಂದರೆ ಮಾಲಿನ ಬೆಲೆಯ ಜೊತೆ ಸಾಗಣೆ, ವಿಮೆಯೂ ಸೇರಿದ್ದು, ಸಾಗಣೆ 640, ವಿಮೆ 38 ಬೇರೆ ಬೇರೆ ತೋರಿಸಿದ್ದಾರೆ. ಎರಡೂ ಸೇರಿ 678. ಮತ್ತೆ 60 ಉಳಿಯಿತು. ಮಧ್ಯಾಹ್ನದ ಪಾಠ ಬಿಸಿಯಾಗಿಯೇ ಇದ್ದುದರಿಂದ, ಈ ಅರುವತ್ತನ್ನು ಚಿಲ್ಲರೆ ಎಂದು ಬಿಡಲಿಲ್ಲ. ಸಾಲುಗಳನ್ನು ಮತ್ತೆ ಗುಣಿಸಿದೆ. ಫಿಟ್ಟಿಂಗ್ 2,400ಕ್ಕೆ 3.10ರಂತೆ 7,440. ಸೀಲ್ 600ಕ್ಕೆ 1.45ರಂತೆ 870. ಮೋಟಾರು 72ಕ್ಕೆ 58ರಂತೆ 4,176. ಕೂಡಿದರೆ ಸರಿಯಾಗಿ 12,486. ಸ್ಯಾಂಪಲ್ 12ಕ್ಕೆ 5ರಂತೆ 60 ಇನ್‌ವಾಯ್ಸ್‌ನಲ್ಲಿದೆ, ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ ಎಂಬ ಟಿಪ್ಪಣಿಯೊಂದಿಗೆ. ಪ್ಯಾಕಿಂಗ್ ಲಿಸ್ಟ್ ಮಾಡಿದವರು ಬಿಟ್ಟಿ ಮಾಲಿಗೆ ಬೆಲೆ ಎಂಥದು ಎಂದು ಕೈಬಿಟ್ಟಿದ್ದಾರೆ.

ದುಡ್ಡು ಕೊಡಬೇಕಿಲ್ಲ ಎನ್ನುವುದೂ ಬೆಲೆ ಇಲ್ಲ ಎನ್ನುವುದೂ ಕಸ್ಟಮ್ಸ್ ಮುಂದೆ ಒಂದೇ ಅಲ್ಲ. ಬಿಟ್ಟಿ ಸ್ಯಾಂಪಲ್‌ಗೂ ನ್ಯಾಯವಾದ ಒಂದು ಮೌಲ್ಯ ತೋರಿಸಬೇಕು. ಹಾಗಾಗಿ ಮಾಲಿನ ಮೌಲ್ಯ 12,546, ಸಾಗಣೆ ಮತ್ತು ವಿಮೆ ಸೇರಿ 13,224, ಖರೀದಿದಾರ ಪಾವತಿಸಬೇಕಾದ್ದು ಅದರಲ್ಲಿ 60 ಕಳೆದು 13,164. ಮೂರೂ ಸರಿಯಾದ ಅಂಕಿಗಳೇ, ಒಂದರ ಎದುರು ಇನ್ನೊಂದನ್ನು ಇಟ್ಟು ತಾಳೆ ನೋಡಿದರೆ ಮಾತ್ರ ಜಗಳ. ಸುಂಕಕ್ಕೆ ಸಾಗಣೆ ಖರ್ಚು ಸೇರಿಸಬೇಕೋ ಬೇಡವೋ ಎಂಬುದನ್ನು ಡಬ್ಲ್ಯುಟಿಒ ಮೌಲ್ಯಮಾಪನ ಒಪ್ಪಂದ ಆಯಾ ದೇಶಕ್ಕೇ ಬಿಟ್ಟಿದೆ. ಐರೋಪ್ಯ ಒಕ್ಕೂಟದಲ್ಲಿ ಗಡಿ ಮುಟ್ಟುವವರೆಗಿನ ಸಾಗಣೆ ಸೇರುತ್ತದೆ, ಅಮೆರಿಕದಲ್ಲಿ ಅಂತರರಾಷ್ಟ್ರೀಯ ಸಾಗಣೆಯನ್ನು ಬಿಡುತ್ತಾರೆ. ಅದಕ್ಕೇ ಸಾಗಣೆ, ವಿಮೆ ಇನ್‌ವಾಯ್ಸ್‌ನಲ್ಲಿ ಬೇರೆ ಸಾಲಿನಲ್ಲಿ ಇರಬೇಕು ಎಂದು ನಾನು ಹಟ ಹಿಡಿಯುವುದು. ಒಟ್ಟಿಗೆ ಕಲಸಿ ಕೊಟ್ಟರೆ ಆ ತುದಿಯವರಿಗೆ ಬಿಡಿಸಲು ಬಾರದು.

ಸಪ್ಲೈಯರ್‌ಗೆ ಮೇಲ್ ಹಾಕಿದೆ. “ಲೆಕ್ಕ ಸರಿಯಿಲ್ಲ, ನೋಡಿ” ಎಂದು ಬರೆದರೆ ಉತ್ತರವೂ ಹಾಗೇ ಬರುತ್ತದೆ, “ನೋಡಿದೆವು, ಸರಿ ಇದೆ.” ಹಾಗಾಗಿ ಎರಡೇ ಮಾತು ಬರೆದೆ. 29ನೇ ಕಾರ್ಟನ್ ಎರಡು ಸಾಲಿನಲ್ಲಿ ಎಣಿಕೆಗೆ ಬಂದಿದೆ, ಒಟ್ಟು 41 ಎಂದು ಖಚಿತಪಡಿಸಿ. ಘೋಷಿತ ಮೌಲ್ಯದಲ್ಲಿ ಸ್ಯಾಂಪಲ್‌ನ 60 ಬಿಟ್ಟಿದೆ, ಒಂದೋ ಸೇರಿಸಿ ಇಲ್ಲವೇ ಆ ಸಾಲನ್ನೇ ತೆಗೆಯಿರಿ. ಪ್ಯಾಲೆಟ್ ಮೇಲೆ ಜೋಡಿಸಿದ ಮಾಲಿನ ಫೋಟೋ ಇದ್ದರೆ ಕಳಿಸಿ ಎಂದೂ ಸೇರಿಸಿದೆ. ತೂಕದ ವಿಷಯ ಎತ್ತಲಿಲ್ಲ, ಅದು ನನ್ನ ಕಣ್ಣಿನ ತಪ್ಪು.

ಅವರ ಗೋದಾಮಿನವರು ಮೂರನೇ ಪ್ಯಾಲೆಟ್‌ನ ಫೋಟೋ ಕಳಿಸಿದರು. ಕಟ್ಟಿದ ಪ್ಲಾಸ್ಟಿಕ್ ಹಾಳೆಯ ಹಿಂದೆ, ಮೇಲಿನ ಮೂಲೆಯ ಪೆಟ್ಟಿಗೆಯ ಲೇಬಲ್ ಓದಲು ಬರುತ್ತಿತ್ತು, 41/41. ಅದನ್ನು ಲಗತ್ತಿಸಿ ಬಿಲ್ ಆಫ್ ಲೇಡಿಂಗ್ ಡ್ರಾಫ್ಟ್‌ಗೆ ತಿದ್ದುಪಡಿ ಕೊಟ್ಟೆ, 42 ಹೋಗಿ 41 ಆಗಲಿ ಎಂದು. ತಿದ್ದಿದ ಇನ್‌ವಾಯ್ಸ್ ಪಿಡಿಎಫ್ ಅರ್ಧ ಗಂಟೆಯಲ್ಲಿ ಬಂತು.

ತಿದ್ದಿದ ಪ್ಯಾಕಿಂಗ್ ಲಿಸ್ಟ್ ಮಾತ್ರ ಬರಲಿಲ್ಲ. ಫೋನ್ ಮಾಡಿ, ಈ ಸಲ ಫೋಟೋ ಬೇಡ, ಫೈಲನ್ನೇ ಕಳಿಸಿ ಎಂದು ಕೇಳಿಕೊಂಡೆ. ಆಗಲಿ ಆಗಲಿ ಎಂದರು. ಡ್ರಾಫ್ಟ್ ಒಪ್ಪಿಗೆಗೆ ಇಪ್ಪತ್ತು ನಿಮಿಷ ಇರುವಾಗ ಫೈಲ್ ಬಂತು. ತೆರೆದರೆ ಪಿಡಿಎಫ್ ಒಳಗೆ ಮತ್ತದೇ ಮೇಜು, ಅದರ ಮೇಲೆ ಹೊಸ ಹಾಳೆ. ಈ ಸಲ ಮಡಿಕೆ ಇರಲಿಲ್ಲ, ಘೋಷಿತ ಮೌಲ್ಯದ ಸಾಲನ್ನು ತೆಗೆದುಹಾಕಿದ್ದರು, ಸ್ಯಾಂಪಲ್ ಎದುರು 1ರ ಬದಲು ಒಂದು ಅಡ್ಡಗೆರೆ ಇತ್ತು. ಕೈಯ ನೆರಳು ಸ್ವಲ್ಪ ಬಲಕ್ಕೆ ಸರಿದಿತ್ತು. ಒಟ್ಟಿನ ಸಾಲಿನಲ್ಲಿ 41 ಕಂಡಿತು, 752.5 ಕಂಡಿತು. ಇನ್‌ವಾಯ್ಸ್ ಮುಚ್ಚಿ, ಮೊದಲ ಸಾಲಿನಿಂದ ಮತ್ತೆ ಟೈಪ್ ಮಾಡತೊಡಗಿದೆ.